ಗೇಟು ಅಲುಗಾಡದ ಹೊತ್ತು: ಸ್ಯಾಂಪ್ಲಿಂಗ್ ಅವಧಿ ಮತ್ತು ಫೇಸ್ ಮಾರ್ಜಿನ್ ಕುರಿತ ಒಂದು ಸಮೀಕ್ಷೆ

ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿ ನಾಲೆಗಳ ಸೀಮೆ. ವಿರಿಜಾ, ಸಿ.ಡಿ.ಎಸ್., ಬಂಗಾರದೊಡ್ಡಿ ಮುಂತಾದ ಈ ಭಾಗದ ಹಳೆಯ ನಾಲೆಗಳು ಕನ್ನಂಬಾಡಿ ಕಟ್ಟೆಗಿಂತ ಎಷ್ಟೋ ಹಿರಿಯವು. ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಆಮೇಲೆ ಬಂದದ್ದು. ಹಳೆಯದಿರಲಿ ಹೊಸದಿರಲಿ, ನಾಲೆಯನ್ನು ನಡೆಸುವ ಕೆಲಸ ಒಂದೇ ಬಗೆಯದು. ಕೆಳಗಿನ ತೂಬುಗಳ ಹತ್ತಿರ ನೀರಿನ ಮಟ್ಟ ಒಂದೇ ಸಮನೆ ನಿಲ್ಲಬೇಕು. ಅದಕ್ಕಾಗಿ ಮೇಲಿನ ಗೇಟನ್ನು ಎತ್ತಬೇಕು ಅಥವಾ ಇಳಿಸಬೇಕು. ಮಟ್ಟದ ಕೋಲು ನೋಡುವವರು ನೀರಗಂಟಿಯಾದರೂ ಸರಿ, ಕಂಪ್ಯೂಟರಿಗೆ ಜೋಡಿಸಿದ ಸೆನ್ಸರ್ ಆದರೂ ಸರಿ, ನೋಟ ನಿರಂತರವಾಗಿರುವುದಿಲ್ಲ. ಒಮ್ಮೆ ನೋಡುತ್ತಾರೆ, ಗೇಟು ತಿರುಗಿಸುತ್ತಾರೆ, ಮುಂದಿನ ಸಲ ನೋಡುವವರೆಗೂ ಗೇಟು ಇದ್ದಲ್ಲೇ ಇರುತ್ತದೆ.

ಡಿಜಿಟಲ್ ನಿಯಂತ್ರಣ ಶಾಸ್ತ್ರದಲ್ಲಿ ಎರಡು ನೋಟಗಳ ನಡುವಿನ ಅಂತರಕ್ಕೆ ಸ್ಯಾಂಪ್ಲಿಂಗ್ ಅವಧಿ ಎನ್ನುತ್ತಾರೆ. ಆ ಅಂತರದುದ್ದಕ್ಕೂ ಗೇಟು ಅಲುಗಾಡದೆ ನಿಲ್ಲುವುದಕ್ಕೆ ಜೀರೋ ಆರ್ಡರ್ ಹೋಲ್ಡ್ ಎನ್ನುತ್ತಾರೆ. ಇವೆರಡೂ ಸೇರಿ ನಿಯಂತ್ರಣದ ಸ್ಥಿರತೆಯನ್ನು ಎಷ್ಟು ಕಡಿಮೆ ಮಾಡುತ್ತವೆ, ಅದನ್ನು ಲೆಕ್ಕ ಹಾಕಲು ಯಾವ ಯಾವ ದಾರಿಗಳಿವೆ, ಯಾವ ದಾರಿ ಎಲ್ಲಿಯವರೆಗೆ ನಂಬಿಕೆಗೆ ಅರ್ಹ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ. ಪಠ್ಯಪುಸ್ತಕಗಳು ಈ ವಿಷಯವನ್ನು ಮೋಟಾರಿನ ಉದಾಹರಣೆಯಿಂದ ಹೇಳುತ್ತವೆ. ಅಲ್ಲಿ ಎಲ್ಲವೂ ಮೈಕ್ರೋಸೆಕೆಂಡುಗಳಲ್ಲಿ ನಡೆದುಹೋಗುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ನಾಲೆಯಲ್ಲಿ ಅದೇ ಸಂಗತಿ ಗಂಟೆಗಟ್ಟಲೆ ನಡೆಯುತ್ತದೆ, ದಡದಲ್ಲಿ ನಿಂತೇ ನೋಡಬಹುದು. ಅದಕ್ಕೇ ನಾಲೆಯನ್ನು ಆರಿಸಿಕೊಂಡಿದ್ದೇನೆ.

ಮೊದಲು ಫೇಸ್ ಮಾರ್ಜಿನ್ ಎಂದರೇನು ಎಂಬುದು ಸ್ಪಷ್ಟವಾಗಲಿ. ಮಟ್ಟ ಕುಸಿದಾಗ ಗೇಟು ತೆರೆಯುತ್ತೇವೆ, ಏರಿದಾಗ ಮುಚ್ಚುತ್ತೇವೆ. ಆದರೆ ಬಿಟ್ಟ ನೀರು ಕೆಳಗೆ ಮುಟ್ಟುವುದು ತಡವಾಗಿ. ಮಟ್ಟ ನಿಧಾನವಾಗಿ ಏರಿಳಿಯುತ್ತಿದ್ದರೆ ಈ ತಡ ಲೆಕ್ಕಕ್ಕಿಲ್ಲ. ಏರಿಳಿತ ಬೇಗಬೇಗನೆ ಆದಷ್ಟೂ ನಮ್ಮ ತಿದ್ದುಪಡಿ ಹೊತ್ತು ತಪ್ಪಿ ತಲುಪುತ್ತದೆ. ಒಂದು ಹಂತದಲ್ಲಿ ಕುಸಿತಕ್ಕೆಂದು ಬಿಟ್ಟ ನೀರು ಮಟ್ಟ ಏರುತ್ತಿರುವಾಗ ಬಂದು ಸೇರಿ ಅದನ್ನು ಇನ್ನಷ್ಟು ಏರಿಸುತ್ತದೆ. ತಿದ್ದುಪಡಿ ಹೀಗೆ ಪೂರ್ತಿ ತಿರುಗುಬಾಣವಾಗುವ ಹಂತವೇ 180 ಡಿಗ್ರಿ ಹಿನ್ನಡೆ. ಮಟ್ಟದ ಏರಿಳಿತ ಗೇಟಿನ ಮೂಲಕ ಒಂದು ಸುತ್ತು ಬಂದು ಅಷ್ಟೇ ಗಾತ್ರದಲ್ಲಿ ಮರಳುವ ಆವರ್ತನಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಆ ಆವರ್ತನದಲ್ಲಿ 180ಕ್ಕೆ ಇನ್ನೂ ಎಷ್ಟು ಡಿಗ್ರಿ ಉಳಿದಿದೆ ಎಂಬುದೇ ಫೇಸ್ ಮಾರ್ಜಿನ್. 60ರ ಆಸುಪಾಸಿನಲ್ಲಿದ್ದರೆ ಮಟ್ಟ ಹೆಚ್ಚು ಓಲಾಡದೆ ನೆಲೆಗೆ ಬರುತ್ತದೆ. 30ಕ್ಕೆ ಇಳಿದರೆ ಹಲವು ಸಲ ಓಲಾಡುತ್ತದೆ. ಸೊನ್ನೆಯಾದರೆ ಓಲಾಟ ನಿಲ್ಲುವುದೇ ಇಲ್ಲ.

ಇನ್ನು ಹೋಲ್ಡ್ ಏನು ಮಾಡುತ್ತದೆ? ನಯವಾಗಿ ಏರಿಳಿಯಬೇಕಾದ ಗೇಟಿನ ಚಲನೆ ಅದರಿಂದ ಮೆಟ್ಟಿಲು ಮೆಟ್ಟಿಲಾಗುತ್ತದೆ. ಕಾಗದದ ಮೇಲೆ ಒಂದು ನಯವಾದ ಅಲೆ ಬರೆದು, ಸಮಾನ ಅಂತರದಲ್ಲಿ ಚುಕ್ಕೆ ಇಟ್ಟು, ಪ್ರತಿ ಚುಕ್ಕೆಯಿಂದ ಮುಂದಿನ ಚುಕ್ಕೆಯ ನೇರದವರೆಗೆ ಅಡ್ಡಗೆರೆ ಎಳೆದು ನೋಡಿ. ಮೆಟ್ಟಿಲುಗಳ ಮಧ್ಯಬಿಂದುಗಳನ್ನು ಜೋಡಿಸಿದರೆ ಅದೇ ಅಲೆ ಮತ್ತೆ ಸಿಗುತ್ತದೆ, ಆದರೆ ಅರ್ಧ ಅಂತರದಷ್ಟು ಬಲಕ್ಕೆ ಸರಿದಿರುತ್ತದೆ. ಸ್ಯಾಂಪ್ಲಿಂಗ್ ಅವಧಿ `T` ಆದರೆ ಹೋಲ್ಡ್ ತರುವ ತಡ `T/2`. ಇಡೀ ವಿಷಯದ ತಿರುಳು ಇದೇ. ಗಣಿತದ ಪೂರ್ಣ ರೂಪದಲ್ಲಿ ಇದರ ಜೊತೆಗೆ ಇನ್ನೊಂದು ಅಂಶವಿದೆ. `x = ωT/2` ಎಂದಿಟ್ಟುಕೊಂಡರೆ ಹೋಲ್ಡ್ ಅಲೆಯ ಗಾತ್ರವನ್ನೂ `sin(x)/x`ನಷ್ಟು ಕುಗ್ಗಿಸುತ್ತದೆ. `x` ಚಿಕ್ಕದಿದ್ದಾಗ ಇದು 1ಕ್ಕೆ ತೀರ ಹತ್ತಿರ, ಹಾಗಾಗಿ ಬಿಟ್ಟುಬಿಡಬಹುದು. ದೊಡ್ಡದಾದಾಗ ಬಿಟ್ಟರೆ ಲೆಕ್ಕ ಕೆಡುತ್ತದೆ; ಎಷ್ಟು ಕೆಡುತ್ತದೆ ಎಂಬುದನ್ನು ಮುಂದೆ ಅಂಕಿಗಳಲ್ಲೇ ನೋಡೋಣ.

ನಾಲೆಯ ಒಂದು ತುಂಡನ್ನು ತೆಗೆದುಕೊಳ್ಳೋಣ. ಇದು ಯಾವ ನಾಲೆಯಲ್ಲೂ ಅಳೆದು ತಂದ ಲೆಕ್ಕವಲ್ಲ, ಮಧ್ಯಮ ಗಾತ್ರದ ನಾಲೆಗೆ ಹೊಂದುವಂತೆ ಇಟ್ಟುಕೊಂಡ ಅಂಕಿಗಳು. ಎರಡು ಗೇಟುಗಳ ನಡುವಿನ ಉದ್ದ 2.7 ಕಿಲೋಮೀಟರ್, ಆಳ ಒಂದೂವರೆ ಮೀಟರ್, ನೀರಿನ ಓಟ ಸೆಕೆಂಡಿಗೆ 0.7 ಮೀಟರ್. ಅಷ್ಟು ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 3.8 ಮೀಟರ್ ಸಾಗುತ್ತದೆ. ಓಟವನ್ನೂ ಸೇರಿಸಿದರೆ ಮೇಲಿನ ಗೇಟು ತೆರೆದ ಸುದ್ದಿ ಕೆಳಗಿನ ಕೋಲಿಗೆ ಮುಟ್ಟಲು 600 ಸೆಕೆಂಡು, ಅಂದರೆ 10 ನಿಮಿಷ ಬೇಕು. ಕೆಳಗಿನ ಒಂದೂವರೆ ಕಿಲೋಮೀಟರ್‌ನಲ್ಲಿ ಗೇಟಿನ ಆನಿಕೆಯಿಂದ ನೀರು ನಿಂತಂತಿರುತ್ತದೆ. ಅಗಲ 8 ಮೀಟರ್ ಎಂದರೆ ಆ ನಿಂತ ನೀರಿನ ಹರವು 12,000 ಚದರ ಮೀಟರ್. ಸೆಕೆಂಡಿಗೆ 1 ಘನಮೀಟರ್ ನೀರನ್ನು ಹೆಚ್ಚಾಗಿ ಬಿಟ್ಟರೆ, ಮೊದಲ 10 ನಿಮಿಷ ಕೆಳಗೆ ಏನೂ ಆಗುವುದಿಲ್ಲ; ಆಮೇಲೆ ಪ್ರತಿ 10 ನಿಮಿಷಕ್ಕೆ ಮಟ್ಟ 5 ಸೆಂಟಿಮೀಟರ್ ಏರುತ್ತಾ ಹೋಗುತ್ತದೆ. ಒಂದು ತಡ, ಒಂದು ಶೇಖರಣೆ, ಇಷ್ಟರಿಂದಲೇ ನಾಲೆಯ ತುಂಡನ್ನು ವರ್ಣಿಸುವ ಈ ಸರಳ ಮಾದರಿಯನ್ನು 1990ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಯಾನ್ ಸ್ಖೂರ್ಮನ್ಸ್ ಬಳಕೆಗೆ ತಂದರು. ನಾಲೆ ಸ್ವಯಂಚಾಲನೆಯಲ್ಲಿ ಇಂದಿಗೂ ಮೊದಲ ಲೆಕ್ಕ ಇದರ ಮೇಲೇ ನಡೆಯುತ್ತದೆ.

ಗೇಟಿಗೆ ಒಂದು ಸರಳ ನಿಯಮ ಕೊಡೋಣ. ಕೆಳಗಿನ ಮಟ್ಟ 1 ಸೆಂಟಿಮೀಟರ್ ಕಡಿಮೆಯಾದರೆ ಸೆಕೆಂಡಿಗೆ 90 ಲೀಟರ್, ಅಂದರೆ ಮೂರು ಕ್ಯೂಸೆಕ್‌ಗಿಂತ ಸ್ವಲ್ಪ ಮೇಲೆ, ಹೆಚ್ಚಾಗಿ ಬಿಡಬೇಕು. 2 ಸೆಂಟಿಮೀಟರ್ ಕಡಿಮೆಯಾದರೆ ಅದರ ಎರಡರಷ್ಟು. ಈ ನಿಯಮದಲ್ಲಿ ಕ್ರಾಸ್‌ಓವರ್ ಸೆಕೆಂಡಿಗೆ 0.00075 ರೇಡಿಯನ್ ಆಗುತ್ತದೆ. ಸುಮಾರು 2 ಗಂಟೆ 20 ನಿಮಿಷಕ್ಕೊಂದು ಏರಿಳಿತ ಎಂದು ಓದಿಕೊಳ್ಳಿ. ಯಾರಾದರೂ ಕಣ್ಣು ಮಿಟುಕಿಸದೆ ನೋಡುತ್ತಾ ಗೇಟನ್ನು ನಿರಂತರವಾಗಿ ಸರಿಸುತ್ತಿದ್ದರೆ ಶೇಖರಣೆಗೆ 90 ಡಿಗ್ರಿ, ನಾಲೆಯ ತಡಕ್ಕೆ 26 ಡಿಗ್ರಿ ಹೋಗಿ, 64 ಡಿಗ್ರಿ ಮಾರ್ಜಿನ್ ಉಳಿಯುತ್ತದೆ. ಒಳ್ಳೆಯ ಸ್ಥಿತಿ.

ನಿರಂತರವಾಗಿ ನೋಡಿ ಸರಿಸುವ ಏರ್ಪಾಡು ಕಲ್ಪನೆಯೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಹಾಕಿಸಿದ, ಆಮೇಲೆ ಕನ್ನಂಬಾಡಿ ಕಟ್ಟೆಗೂ ಬಂದ ಸ್ವಯಂಚಾಲಿತ ಗೇಟುಗಳು ಅಂಥವು. ನೀರು ನಿಗದಿತ ಮಟ್ಟ ಮೀರಿದರೆ ನೀರಿನ ಒತ್ತಾಸೆಯಿಂದಲೇ ಏಳುತ್ತವೆ, ಇಳಿದರೆ ಕೂರುತ್ತವೆ. ಅಲ್ಲಿ ಸ್ಯಾಂಪ್ಲಿಂಗ್ ಅವಧಿಯೇ ಇಲ್ಲ, ಹಾಗಾಗಿ ಹೋಲ್ಡಿನ ನಷ್ಟವೂ ಇಲ್ಲ. ಕಂಪ್ಯೂಟರ್ ಬಂದ ಮೇಲೆ ನಮಗೆ ದೂರದ ಮಟ್ಟ ಕಾಣಿಸಿತು, ಹತ್ತು ಗೇಟುಗಳನ್ನು ಒಂದೇ ಕಡೆಯಿಂದ ನಡೆಸುವುದು ಸಾಧ್ಯವಾಯಿತು. ಅದರ ಬೆಲೆಯಾಗಿ ಒಂದಿಷ್ಟು ಫೇಸ್ ಮಾರ್ಜಿನ್ ತೆತ್ತಿದ್ದೇವೆ.

ಎಷ್ಟು ತೆತ್ತಿದ್ದೇವೆ ಎಂದು ಅಂದಾಜು ಮಾಡುವ ಸೂತ್ರ ಚಿಕ್ಕದು. `τ` ಎಂದರೆ ನಾಲೆಯ ತಡ, `ωc` ಎಂದರೆ ಕ್ರಾಸ್‌ಓವರ್:

```
PM = 90° − (180°/π) · ωc · (τ + T/2)
```

5 ನಿಮಿಷಕ್ಕೊಮ್ಮೆ ಗೇಟು ಸರಿಸಿದರೆ ಹೋಲ್ಡಿಗೆ ಹೋಗುವುದು ಆರೂವರೆ ಡಿಗ್ರಿ, ಉಳಿಯುವುದು 58. ಕಾಲು ಗಂಟೆಗೊಮ್ಮೆಯಾದರೆ 19 ಹೋಗಿ 45. ಅರ್ಧ ಗಂಟೆಗೊಮ್ಮೆಯಾದರೆ 39 ಹೋಗಿ 25 ಮಾತ್ರ. ಗಂಟೆಗೊಮ್ಮೆಯಾದರೆ 77 ಹೋಗಿ ಉತ್ತರ ಸೊನ್ನೆಗಿಂತ 13 ಡಿಗ್ರಿ ಕೆಳಗೆ. ಅಂದರೆ ಓಲಾಟ ಬೆಳೆಯುತ್ತಾ ಹೋಗಬೇಕು.

ಇದು ಅಂದಾಜು. ನಿಖರವಾದ ದಾರಿ ಬೇರೆ ಇದೆ, ನಾಲೆಯ ಮಟ್ಟಿಗೆ ಅದೇನೂ ಕಷ್ಟದ್ದಲ್ಲ. ಮಾದರಿಯನ್ನೇ ನೋಟದಿಂದ ನೋಟಕ್ಕೆ ಬರೆಯುವುದು. ಗೇಟು ಒಂದು ಅವಧಿಯುದ್ದಕ್ಕೂ ಅಲುಗಾಡದೆ ನಿಲ್ಲುವುದರಿಂದ, ಆ ಅವಧಿಯಲ್ಲಿ ಎಷ್ಟು ನೀರು ಕೂಡಿತು ಎಂಬುದು ಅಂಕಗಣಿತದ ಲೆಕ್ಕ. `h` ಕೆಳಗಿನ ಮಟ್ಟ, `q` ಬಿಟ್ಟ ನೀರು, `A` ನಿಂತ ನೀರಿನ ಹರವು ಎಂದುಕೊಂಡರೆ, ನಾಲೆಯ ತಡ ಒಂದು ಅವಧಿಗಿಂತ ಕಡಿಮೆಯಿದ್ದಾಗ ಹೀಗಾಗುತ್ತದೆ:

```
h[k+1] = h[k] + ((T − τ)·q[k] + τ·q[k−1]) / A
```

ಅವಧಿಯ ಮೊದಲ ಭಾಗದಲ್ಲಿ ಕೆಳಗೆ ಬಂದು ಸೇರುವುದು ಹಿಂದಿನ ಸಲ ಬಿಟ್ಟ ನೀರು, ಉಳಿದ ಭಾಗದಲ್ಲಿ ಈ ಸಲ ಬಿಟ್ಟದ್ದು. ಸಮೀಕರಣ ಹೇಳುವುದು ಇಷ್ಟನ್ನೇ. ನಿರಂತರ ಅಲೆಗಳ ಬದಲು ಹೀಗೆ ಸ್ಯಾಂಪಲ್‌ಗಳ ಮೇಲೆಯೇ ಆವರ್ತನ ವಿಶ್ಲೇಷಣೆ ನಡೆಸುವ ಪದ್ಧತಿಗೆ ತಳಹದಿ ಹಾಕಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಜಾನ್ ರಗಾಜಿನಿ ಮತ್ತು ಲಾಟ್ಫಿ ಜಾದೆ 1952ರಲ್ಲಿ ಪ್ರಕಟಿಸಿದ ಪ್ರಬಂಧ. ಇಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವ `z` ಪರಿವರ್ತನೆಯ ವಿಧಾನ ಅಲ್ಲಿಂದ ಬೆಳೆದು ಬಂದದ್ದು.

ಅದೇ ನಾಲೆ, ಅದೇ ನಿಯಮಕ್ಕೆ ನಿಖರ ಲೆಕ್ಕ ಮಾಡಿದರೆ 5 ನಿಮಿಷಕ್ಕೆ ಅದೇ 58 ಡಿಗ್ರಿ ಬರುತ್ತದೆ. ಕಾಲು ಗಂಟೆಗೆ 46. ಇಲ್ಲಿಯವರೆಗೆ ಅಂದಾಜು ನಂಬಿಗಸ್ತ. ಅರ್ಧ ಗಂಟೆಗೆ ಅಂದಾಜು ಹೇಳಿದ್ದು 25, ನಿಖರ ಉತ್ತರ 34. ಗಂಟೆಗೆ ಅಂದಾಜು ಅಸ್ಥಿರ ಎಂದಿತ್ತು, ನಿಖರ ಲೆಕ್ಕದಲ್ಲಿ 10 ಡಿಗ್ರಿ ಉಳಿಯುತ್ತದೆ. ಹೋಲ್ಡ್ ತಡ ಮಾಡುವುದರ ಜೊತೆಗೆ ಗಾತ್ರವನ್ನೂ ಕುಗ್ಗಿಸುತ್ತದೆ ಎಂದೆನಲ್ಲ, ಗಂಟೆಯ ಅವಧಿಯಲ್ಲಿ ಆ ಕುಗ್ಗುವಿಕೆ ನೂರಕ್ಕೆ 28ರಷ್ಟು. ಜೊತೆಗೆ ಸ್ಯಾಂಪ್ಲಿಂಗ್‌ನಿಂದ ಹುಟ್ಟುವ ಪ್ರತಿಬಿಂಬ ಆವರ್ತನಗಳು ಮಡಚಿ ಬಂದು ಸೇರುತ್ತವೆ. ಅರ್ಧ ಅವಧಿಯ ಸೂತ್ರದಲ್ಲಿ ಇವೆರಡಕ್ಕೂ ಜಾಗವಿಲ್ಲ.

ಹಾಗಾದರೆ ಗಂಟೆಗೊಮ್ಮೆ ಗೇಟು ತಿರುಗಿಸಿದರೂ ನಡೆಯುತ್ತದೆ ಎಂದು ಸಮಾಧಾನಪಟ್ಟುಕೊಳ್ಳಬಹುದೇ? ಇಲ್ಲ. ಅದೇ ಲೆಕ್ಕದಲ್ಲಿ ಗೇನ್ ಮಾರ್ಜಿನ್ ನೋಡಿದರೆ ಬರುವುದು 1.11. ನಾಲೆಯ ಸ್ಪಂದನ ನೂರಕ್ಕೆ 11ರಷ್ಟು ಚುರುಕಾದರೆ ಸಾಕು, ಓಲಾಟ ನಿಲ್ಲುವುದೇ ಇಲ್ಲ. ಕೆಳಗಿನ ಗೇಟನ್ನು ಒಂದಿಷ್ಟು ಎತ್ತಿದ್ದರಿಂದ ಆನಿಕೆಯ ನೀರು ಕುಗ್ಗಿದರೆ, ಹೂಳು ತುಂಬಿ ಅಂಚು ಒಳಕ್ಕೆ ಬಂದರೆ, 12,000 ಚದರ ಮೀಟರ್‌ನ ಹರವು 10,800ಕ್ಕಿಂತ ಕೆಳಗಿಳಿಯುವುದು ಏನು ದೊಡ್ಡ ಮಾತಲ್ಲ. ಮುಂಗಾರಿನಲ್ಲಿ ತುಂಬಿ ಹರಿಯುವ ನಾಲೆಯೂ ಬೇಸಿಗೆಯಲ್ಲಿ ಕಟ್ಟು ಪದ್ಧತಿಯಲ್ಲಿ ಹರಿಯುವ ನಾಲೆಯೂ ಒಂದೇ ಮಾದರಿಗೆ ಒಗ್ಗುವುದಿಲ್ಲ. ಫೇಸ್ ಮಾರ್ಜಿನ್ ಒಂದನ್ನೇ ನೋಡಿ ತೃಪ್ತಿಪಡುವವರು ಇಂಥ ಕಡೆ ಮೋಸಹೋಗುತ್ತಾರೆ. ಅವಧಿ ಉದ್ದವಾದಷ್ಟೂ ಎರಡು ಮಾರ್ಜಿನ್‌ಗಳನ್ನೂ ನೋಡಬೇಕು.

ಇಲ್ಲಿಯವರೆಗಿನ ಲೆಕ್ಕದಲ್ಲಿ ಒಂದು ಔದಾರ್ಯ ಅಡಗಿದೆ: ಮಟ್ಟ ನೋಡಿದ ಕ್ಷಣದಲ್ಲೇ ಗೇಟು ಸರಿಯುತ್ತದೆ ಎಂದು ಒಪ್ಪಿಕೊಂಡಿದ್ದೇವೆ. ಆದರೆ ನೋಡುವವರು ಕೆಳಗೆ, ಗೇಟು ಮೇಲೆ. ಓದಿದ ಅಂಕಿ ಕಚೇರಿಗೆ ಹೋಗಬೇಕು, ಅಲ್ಲಿ ತೀರ್ಮಾನವಾಗಬೇಕು, ಅದು ಗೇಟಿಗೆ ಮುಟ್ಟಬೇಕು. ಎಷ್ಟೋ ಡಿಜಿಟಲ್ ವ್ಯವಸ್ಥೆಗಳಲ್ಲಿ ಈ ಸಲ ಓದಿದ್ದರ ಫಲ ಮುಂದಿನ ಸಲದ ಗಂಟೆ ಹೊಡೆದಾಗಲೇ ಹೊರಬರುತ್ತದೆ. ಹಾಗಾದಾಗ ಒಂದು ಇಡೀ ಅವಧಿ ಹೆಚ್ಚುವರಿ ತಡ ಸೇರುತ್ತದೆ. ಹೋಲ್ಡಿನ ಅರ್ಧ, ಇದರ ಒಂದು, ಒಟ್ಟು ಒಂದೂವರೆ ಅವಧಿ. ಹೋಲ್ಡಿನ ಬಗ್ಗೆ ಪುಟಗಟ್ಟಲೆ ಬರೆಯುವ ಪುಸ್ತಕಗಳು ಅದರ ಎರಡರಷ್ಟು ದೊಡ್ಡದಾದ ಈ ತಡವನ್ನು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಅಂಕಿಗಳನ್ನೇ ನೋಡಿ. 5 ನಿಮಿಷದ ಅವಧಿಯಲ್ಲಿ 58 ಇದ್ದದ್ದು 45 ಆಗುತ್ತದೆ, ಇನ್ನೂ ಬದುಕಿದೆ. ಕಾಲು ಗಂಟೆಯಲ್ಲಿ 46 ಇದ್ದದ್ದು ಎಂಟೂವರೆಗೆ ಕುಸಿಯುತ್ತದೆ. ಅರ್ಧ ಗಂಟೆಯಲ್ಲಿ ವ್ಯವಸ್ಥೆ ಅಸ್ಥಿರವಾಗುತ್ತದೆ.

ಕಾಲು ಗಂಟೆಯ ಪ್ರಕರಣವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ದಡದಲ್ಲಿ ಕಾಣುವುದು ಇದೇ. ಯಾರೋ ಒಂದು ತೂಬು ತೆರೆದರು, ಮಟ್ಟ ಇಳಿಯಿತು ಎಂದಿಟ್ಟುಕೊಳ್ಳಿ. ಕೆಳಗಿನ ಕೋಲಿನಲ್ಲಿ ಮಟ್ಟ ಇಳಿದು, ಏರಿ, ಮತ್ತೆ ಇಳಿಯುತ್ತದೆ. ಒಂದು ಪೂರ್ತಿ ಓಲಾಟಕ್ಕೆ 9 ಓದುಗಳು, ಅಂದರೆ ಸುಮಾರು ಎರಡೂಕಾಲು ಗಂಟೆ. ಪ್ರತಿ ಓಲಾಟವೂ ಹಿಂದಿನದರ ಮುಕ್ಕಾಲು ಭಾಗದಷ್ಟಿರುತ್ತದೆ. ಮೊದಲ ಏರಿಳಿತ 8 ಸೆಂಟಿಮೀಟರ್ ಇದ್ದರೆ ಮುಂದಿನದು 6, ಆಮೇಲಿನದು ನಾಲ್ಕೂವರೆ. ಅಷ್ಟರಲ್ಲಿ ಏಳು ಗಂಟೆ ಹತ್ತಿರವಾಗಿರುತ್ತದೆ, ಇನ್ನೊಬ್ಬರು ಇನ್ನೊಂದು ತೂಬು ತೆರೆದಿರುತ್ತಾರೆ. ಹೊರಗಿನಿಂದ ನೋಡುವವರಿಗೆ ನಾಲೆ ದಿನವಿಡೀ ಓಲಾಡುತ್ತಲೇ ಇರುವಂತೆ ಕಾಣುತ್ತದೆ. ಕೊನೆಯ ಭಾಗದ ರೈತರು ಬೈಯುವುದು ನೀರಗಂಟಿಯನ್ನು. ಆತ ಹೇಳಿದ ಹೊತ್ತಿಗೆ ಸರಿಯಾಗಿ, ಹೇಳಿದಷ್ಟೇ ಗೇಟು ತಿರುಗಿಸಿದ್ದಾನೆ. ತಪ್ಪಿರುವುದು ಹೊತ್ತುಗಳ ಏರ್ಪಾಡಿನಲ್ಲಿ.

ಓಲಾಟಕ್ಕೆ ಕಾರಣ ಸ್ಯಾಂಪ್ಲಿಂಗ್ ಅವಧಿಯೇ ಎಂದು ಹೇಗೆ ತಿಳಿಯುವುದು? ಓಲಾಟದ ಆಕಾರವೇ ಅರ್ಧ ಉತ್ತರ ಹೇಳುತ್ತದೆ. ಮಾರ್ಜಿನ್ ಕಡಿಮೆಯಾಗಿ ಹುಟ್ಟಿದ ಓಲಾಟ ಪ್ರತಿ ಸಲ ಒಂದೇ ಪ್ರಮಾಣದಲ್ಲಿ ಕುಗ್ಗುತ್ತದೆ ಅಥವಾ ಬೆಳೆಯುತ್ತದೆ. ಗೇಟಿನ ಸ್ಕ್ರೂ ಸಡಿಲವಾಗಿ, ಇಲ್ಲವೇ ಸಣ್ಣ ತಿದ್ದುಪಡಿಗೆ ಗೇಟು ಅಲುಗಾಡದೆ ಹುಟ್ಟಿದ ಓಲಾಟ ಒಂದು ಗಾತ್ರಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ, ಕುಗ್ಗುವುದೂ ಇಲ್ಲ ಬೆಳೆಯುವುದೂ ಇಲ್ಲ. ಇನ್ನರ್ಧ ಉತ್ತರ ಒಂದು ಪರೀಕ್ಷೆಯಿಂದ ಸಿಗುತ್ತದೆ. 1 ಸೆಂಟಿಮೀಟರಿಗೆ 90 ಲೀಟರ್ ಎಂಬ ನಿಯಮವನ್ನು ಹಾಗೇ ಇಟ್ಟು ಅವಧಿಯನ್ನು ಮಾತ್ರ ಅರ್ಧಕ್ಕೆ ಇಳಿಸಿ ನೋಡಬೇಕು. ಓಲಾಟ ಬೇಗ ಅಡಗಿದರೆ ಕಾರಣ ಅವಧಿ. ಹಾಗೇ ಉಳಿದರೆ ಗೇಟಿನ ಕಡೆ ನೋಡಬೇಕು.

ಮೂರನೆಯ ಸಾಧ್ಯತೆಯೂ ಒಂದಿದೆ, ಅದು ತುಸು ಮೋಸದ್ದು. ನಿಂತ ನೀರಿನಲ್ಲಿ ಅಲೆ ಕೆಳಗಿನ ಗೇಟಿಗೆ ಬಡಿದು ಮೇಲಕ್ಕೆ ಹೋಗಿ ಮರಳುತ್ತದೆ. ನಮ್ಮ ತುಂಡಿನಲ್ಲಿ ಕೆಳಕ್ಕೆ 10 ನಿಮಿಷ; ಓಟಕ್ಕೆ ಎದುರಾಗಿ ಮೇಲಕ್ಕೆ ಹೋಗಲು ಹದಿನಾಲ್ಕೂವರೆ; ಸುತ್ತಿಗೆ ಇಪ್ಪತ್ತನಾಲ್ಕೂವರೆ ನಿಮಿಷ. ಈ ತುಯ್ದಾಟವನ್ನು ಅರ್ಧ ಗಂಟೆಗೊಮ್ಮೆ ಮಾತ್ರ ನೋಡಿದರೆ ಅದು ನಿಜರೂಪದಲ್ಲಿ ಕಾಣುವುದೇ ಇಲ್ಲ. ಪ್ರತಿ ನೋಟವೂ ಅಲೆಯ ಬೇರೆ ಬೇರೆ ಜಾಗಕ್ಕೆ ಬೀಳುತ್ತಾ, ಪುಸ್ತಕದಲ್ಲಿ ಬರೆದ ಅಂಕಿಗಳು ಸುಮಾರು ಎರಡೂಕಾಲು ಗಂಟೆಯ ನಿಧಾನದ ಏರಿಳಿತದಂತೆ ತೋರುತ್ತವೆ. ಅದು ನಮ್ಮ ಕ್ರಾಸ್‌ಓವರಿನ ಏರಿಳಿತಕ್ಕೆ ಎಷ್ಟು ಹತ್ತಿರ ನೋಡಿ. ನಿಯಂತ್ರಕ ಇಲ್ಲದ ಏರಿಳಿತವನ್ನು ಅಟ್ಟಿಸಿಕೊಂಡು ಹೋಗಿ ನಿಜವಾದ ಏರಿಳಿತವನ್ನು ಹುಟ್ಟಿಸುತ್ತದೆ. ಇದಕ್ಕೆ ಮದ್ದು ಎಂದರೆ ಒಂದೇ ಓದನ್ನು ನಂಬದೆ ನಡುನಡುವೆ ಹಲವು ಸಲ ಓದಿ ಸರಾಸರಿ ತೆಗೆಯುವುದು. ಆದರೆ ಸರಾಸರಿಯೂ ಪುಕ್ಕಟೆ ಬರುವುದಿಲ್ಲ. ಎಷ್ಟು ಹೊತ್ತಿನ ಸರಾಸರಿಯೋ ಅದರ ಅರ್ಧದಷ್ಟು ತಡ ಮತ್ತೆ ಸೇರುತ್ತದೆ. ತುಯ್ದಾಟವನ್ನು ಪೂರ್ತಿ ಅಳಿಸಲು ಒಂದು ಸುತ್ತಿನ ಸರಾಸರಿ ತೆಗೆದರೆ 12 ನಿಮಿಷದ ತಡ, 31 ಡಿಗ್ರಿಯ ನಷ್ಟ. 5 ನಿಮಿಷಕ್ಕೊಮ್ಮೆ ನೋಡುವುದಾದರೆ ಈ ಮುಖವಾಡದ ತೊಂದರೆ ಇಲ್ಲ. ತುಯ್ದಾಟ ತುಯ್ದಾಟವಾಗಿಯೇ ಕಾಣುತ್ತದೆ.

ಹಾಗಾದರೆ ಎಷ್ಟು ಅವಧಿ ಇಡಬೇಕು? ಸ್ವೀಡನ್ನಿನ ಕಾರ್ಲ್ ಯೋಹಾನ್ ಓಸ್ಟ್ರೋಮ್ ಮತ್ತು ಬ್ಯೋರ್ನ್ ವಿಟ್ಟೆನ್‌ಮಾರ್ಕ್ ತಮ್ಮ ಪ್ರಸಿದ್ಧ ಪಠ್ಯದಲ್ಲಿ ಕೊಟ್ಟ ನಿಯಮ ಈ ಕ್ಷೇತ್ರದಲ್ಲಿ ಬಹಳ ಬಳಕೆಯದು: ಕ್ರಾಸ್‌ಓವರ್ ಮತ್ತು ಅವಧಿಯ ಗುಣಲಬ್ಧ 0.15ರಿಂದ 0.5ರ ನಡುವೆ ಇರಲಿ. ಇದರ ಹಿಂದಿನ ಕಾರಣವನ್ನು ಅರ್ಧ ಅವಧಿಯ ಸೂತ್ರದಿಂದಲೇ ಕಾಣಬಹುದು. ಹೋಲ್ಡಿನ ನಷ್ಟ ಸುಮಾರು 5 ಡಿಗ್ರಿಯಿಂದ 15 ಡಿಗ್ರಿಯೊಳಗೆ ನಿಲ್ಲಲಿ ಎಂಬುದೇ ಅದರ ಅರ್ಥ. ನಮ್ಮ ನಾಲೆಗೆ ಆ ಗುಣಲಬ್ಧದ ಲೆಕ್ಕದಲ್ಲಿ ಇದು 3 ನಿಮಿಷ 20 ಸೆಕೆಂಡಿನಿಂದ 11 ನಿಮಿಷ. ಓದಿದ ಫಲ ಮುಂದಿನ ಅವಧಿಗೆ ಹೊರಬರುವ ವ್ಯವಸ್ಥೆಯಾದರೆ ನಷ್ಟ ಮೂರರಷ್ಟಾಗುವುದರಿಂದ, ನಿಯಮದ ಮೇಲಿನ ಅಂಚನ್ನು ಮರೆತು ಕೆಳಗಿನ ಅಂಚಿಗೆ ಅಂಟಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಕಾಲದ ಅಳತೆ ಪೂರ್ತಿ ಬದಲಾದರೂ ಲೆಕ್ಕ ಬದಲಾಗುವುದಿಲ್ಲ. ಕಾರ್ಖಾನೆಯ ಮೋಟಾರ್ ಡ್ರೈವ್ ಒಂದರಲ್ಲಿ ಸೆಕೆಂಡಿಗೆ 10,000 ಸಲ ಕರೆಂಟ್ ಅಳೆದು ತಿದ್ದುತ್ತಾರೆ, ಕ್ರಾಸ್‌ಓವರ್ 1,000 ಹರ್ಟ್ಸ್ ಎಂದುಕೊಳ್ಳಿ. ಅವಧಿ 100 ಮೈಕ್ರೋಸೆಕೆಂಡ್, ಒಂದೂವರೆ ಅವಧಿಯ ತಡ 150 ಮೈಕ್ರೋಸೆಕೆಂಡ್, ನಷ್ಟ 54 ಡಿಗ್ರಿ. 90ರಲ್ಲಿ ಉಳಿಯುವುದು 36. ಅಲ್ಲಿ ಮೋಟಾರಿನಲ್ಲಿ ಹೇಳಿಕೊಳ್ಳುವಂಥ ತಡವಿಲ್ಲ. ಇಡೀ ನಷ್ಟ ಡಿಜಿಟಲ್ ಏರ್ಪಾಡಿನದೇ. ಅದಕ್ಕೇ ಡ್ರೈವ್ ತಯಾರಕರು ಒಂದು ಸ್ವಿಚಿಂಗ್ ಸುತ್ತಿನಲ್ಲಿ ಎರಡು ಸಲ ಅಳೆದು ಎರಡು ಸಲ ತಿದ್ದುವ ಉಪಾಯ ಹೂಡುತ್ತಾರೆ. ನಷ್ಟ 27ಕ್ಕೆ ಇಳಿಯುತ್ತದೆ. ಎಷ್ಟೇ ವೇಗದ ಯಂತ್ರವಾದರೂ ಕ್ರಾಸ್‌ಓವರಿಗೆ ಹೋಲಿಸಿದಾಗ ಅವಧಿ ಎಷ್ಟು ಎಂಬುದೊಂದೇ ಪ್ರಶ್ನೆ.

ವಿನ್ಯಾಸದ ದಾರಿಗಳಲ್ಲಿ ಒಂದು ಗೊಂದಲವನ್ನು ಇಲ್ಲಿ ಬಿಡಿಸಬೇಕು. ನಿರಂತರ ನಿಯಂತ್ರಕವನ್ನು ಮೊದಲು ವಿನ್ಯಾಸ ಮಾಡಿ, ಆಮೇಲೆ ಟಸ್ಟಿನ್ ವಿಧಾನದಿಂದ ಡಿಜಿಟಲ್ ರೂಪಕ್ಕೆ ತರುವುದು ರೂಢಿ. ಟಸ್ಟಿನ್ ಒಳ್ಳೆಯ ವಿಧಾನ, ನಿಯಂತ್ರಕದ ಫೇಸನ್ನು ಕ್ರಾಸ್‌ಓವರ್ ಸುತ್ತಮುತ್ತ ಚೆನ್ನಾಗಿಯೇ ಉಳಿಸುತ್ತದೆ. ಇದರಿಂದ ಸ್ಯಾಂಪ್ಲಿಂಗ್‌ನ ತೊಂದರೆಯೇ ಪರಿಹಾರವಾಯಿತು ಎಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ಟಸ್ಟಿನ್ ತಿದ್ದುವುದು ನಿಯಂತ್ರಕವನ್ನು. ಗೇಟಿನ ಮುಂದೆ ಕೂತ ಹೋಲ್ಡ್ ಅದರ ಕೈಗೆ ಸಿಗುವುದಿಲ್ಲ. ಆ ಅರ್ಧ ಅವಧಿಯನ್ನು ನಾಲೆಯ ತಡಕ್ಕೆ ಸೇರಿಸಿಯೇ ವಿನ್ಯಾಸ ಶುರುಮಾಡಬೇಕು.

ಅವಧಿಯನ್ನು ಇಳಿಸುತ್ತಾ ಹೋಗಲು ಅಡ್ಡಿ ಏನು ಎಂದು ಕೇಳಬಹುದು. 5 ನಿಮಿಷದ ಅವಧಿ ಎಂದರೆ ದಿನಕ್ಕೆ 288 ಸಲ ಗೇಟಿನ ಮೋಟಾರ್ ಶುರುವಾಗಬೇಕು; ಕೈಯಿಂದ ತಿರುಗಿಸುವ ಗೇಟಿಗಂತೂ ಅದು ಆಗದ ಮಾತು. 1 ನಿಮಿಷಕ್ಕೆ ಇಳಿಸಿದರೆ ಪ್ರತಿ ತಿದ್ದುಪಡಿಯೂ ಗೇಟು ಅಲುಗಾಡಬಲ್ಲ ಕನಿಷ್ಠ ದೂರಕ್ಕಿಂತ ಚಿಕ್ಕದಾಗುತ್ತದೆ, ಗಾಳಿಗೆ ಎದ್ದ ಸಣ್ಣ ಅಲೆಗೂ ಗೇಟು ಓಡಾಡುತ್ತದೆ. ಹಾಗಾಗಿ ಅವಧಿಯನ್ನು ಇಳಿಸಲಾಗದ ಕಡೆ ಉಳಿಯುವ ದಾರಿ ನಿಯಮವನ್ನೇ ಮೆದು ಮಾಡುವುದು. ಗಂಟೆಗೊಮ್ಮೆ ಮಾತ್ರ ಗೇಟು ತಿರುಗಿಸಲು ಸಾಧ್ಯ ಎಂದಿದ್ದರೆ, 1 ಸೆಂಟಿಮೀಟರಿಗೆ 90 ಲೀಟರ್ ಬದಲು 45 ಲೀಟರ್ ಬಿಡಿ. ಫೇಸ್ ಮಾರ್ಜಿನ್ 10ರಿಂದ 43 ಡಿಗ್ರಿಗೆ ಏರುತ್ತದೆ, ಗೇನ್ ಮಾರ್ಜಿನ್ ಎರಡರಷ್ಟಾಗುತ್ತದೆ. ಇದರ ಬೆಲೆ ಏನೆಂದರೆ, ಸೆಕೆಂಡಿಗೆ 180 ಲೀಟರ್ ಎಳೆಯುವ ತೂಬೊಂದು ತೆರೆದಾಗ ಮಟ್ಟ 2 ಸೆಂಟಿಮೀಟರ್ ಇಳಿದು ನಿಲ್ಲುತ್ತಿದ್ದದ್ದು ಈಗ 4 ಸೆಂಟಿಮೀಟರ್ ಇಳಿದು ನಿಲ್ಲುತ್ತದೆ.

ಆ ಬೆಲೆಯನ್ನು ತಪ್ಪಿಸಲು ಇನ್ನೊಂದು ದಾರಿ ಇದೆ, ಫೇಸ್ ಮಾರ್ಜಿನ್ನಿನ ಗೊಡವೆಯೇ ಇಲ್ಲದ್ದು. ಯಾವ ತೂಬು ಯಾವ ಹೊತ್ತಿಗೆ ತೆರೆಯುತ್ತದೆ ಎಂಬುದು ಸರದಿಯ ಪಟ್ಟಿಯಲ್ಲಿ ಮೊದಲೇ ಗೊತ್ತಿರುತ್ತದೆ. ತೂಬು ತೆರೆಯುವ 10 ನಿಮಿಷ ಮೊದಲೇ ಮೇಲಿನ ಗೇಟಿನಿಂದ ಅಷ್ಟು ನೀರನ್ನು ಬಿಟ್ಟರೆ ಮಟ್ಟ ಇಳಿಯುವ ಪ್ರಮೇಯವೇ ಬರುವುದಿಲ್ಲ. ಮಟ್ಟವನ್ನು ನೋಡಿ ತಿದ್ದುವ ಸುತ್ತಿನ ಹೊರಗೆ ನಡೆಯುವ ಕೆಲಸ ಇದು, ಆದ್ದರಿಂದ ಸ್ಥಿರತೆಗೆ ಇದರಿಂದ ಏನೂ ಧಕ್ಕೆಯಿಲ್ಲ. ಪಟ್ಟಿ ಮೀರಿ ಯಾರೋ ತೂಬು ತೆರೆದಾಗ ಮಾತ್ರ ಮೆದುವಾದ ತಿದ್ದುಪಡಿ ಕೆಲಸಕ್ಕೆ ಬರುತ್ತದೆ. ಉದ್ದನೆಯ ಅವಧಿಯ ನಾಲೆಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಾಣುತ್ತಿಲ್ಲ.

ಕರ್ನಾಟಕದಲ್ಲಿ ನಾಲೆಗಳ ಆಧುನೀಕರಣ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ನಾರಾಯಣಪುರ ಎಡದಂಡೆ ನಾಲೆಯ ವಿಸ್ತರಣೆ ಮತ್ತು ನವೀಕರಣದ ಯೋಜನೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟನೆಯಾಯಿತು. 10,000 ಕ್ಯೂಸೆಕ್ ಸಾಮರ್ಥ್ಯದ ಆ ನಾಲೆಯ ಗೇಟುಗಳನ್ನು ದೂರದಿಂದ ನೋಡಿ ನಡೆಸಲು ಸ್ಕಾಡಾ ವ್ಯವಸ್ಥೆ ಇದೆ. ಕಾವೇರಿ ಸೀಮೆಯ ನಾಲೆಗಳಿಗೂ ಇಂಥ ವ್ಯವಸ್ಥೆ ಬರಬೇಕು ಎಂಬ ಮಾತು ಕೇಳಿಬರುವಾಗ, ಅದರ ವಿವರಪಟ್ಟಿ ಬರೆಯುವ ಎಂಜಿನಿಯರುಗಳಲ್ಲಿ ನನ್ನದೊಂದು ಕೋರಿಕೆಯಿದೆ. ಸೆನ್ಸರ್ ಎಷ್ಟು ಮಿಲಿಮೀಟರ್ ನಿಖರವಾಗಿರಬೇಕು ಎಂದು ಬರೆಯುವ ಜಾಗದಲ್ಲೇ, ಮಟ್ಟ ಓದಿದ ಗಳಿಗೆಯಿಂದ ಗೇಟು ನಿಜವಾಗಿ ಸರಿಯುವ ಗಳಿಗೆಯವರೆಗೆ ಎಷ್ಟು ನಿಮಿಷ ಮೀರಬಾರದು ಎಂಬುದನ್ನೂ ಬರೆಯಿರಿ. ಪ್ರತಿ ತುಂಡಿನ ತಡವನ್ನು ತುಂಬಿದ ನಾಲೆಯಲ್ಲೊಮ್ಮೆ, ಬತ್ತಿದ ನಾಲೆಯಲ್ಲೊಮ್ಮೆ ಗೇಟು ತಿರುಗಿಸಿ ಅಳೆಯಿರಿ. ಅವಧಿಯನ್ನು ಗೊತ್ತು ಮಾಡುವುದು ಆಮೇಲೆ.